ಉಳಿದ ದಿನಗಳ ಪ್ರೀಮಿಯಂ ವಾಪಸ್ ಕೊಡಿ

ಶಿವಮೊಗ್ಗದಲ್ಲಿ ಒಬ್ಬರ ಸ್ಟೇಷನರಿ ಅಂಗಡಿ ಇದೆ ಎಂದುಕೊಳ್ಳಿ. ಏಪ್ರಿಲ್ 1ರಿಂದ ಒಂದು ವರ್ಷಕ್ಕೆ ಅಂಗಡಿಯ ವಿಮೆ ಮಾಡಿಸಿದ್ದಾರೆ. ಜಿಎಸ್‌ಟಿ ಬಿಟ್ಟು ಪ್ರೀಮಿಯಂ 7,300 ರೂಪಾಯಿ. ಆಗಸ್ಟ್ ಕೊನೆಗೆ ಅಂಗಡಿ ಮುಚ್ಚಬೇಕಾಗಿ ಬಂತು. ಏಳು ತಿಂಗಳ ವಿಮೆ ಇನ್ನೂ ಬಾಕಿ ಇದೆ. ಆಗ ಅವರು ವಿಮಾ ಕಂಪನಿಯ ಶಾಖೆಗೆ ಬರೆಯಬೇಕಾದ ಪತ್ರ ಇಷ್ಟೇ:

“ಮಾನ್ಯರೇ, ನನ್ನ ಅಂಗಡಿಯ ಮೇಲಿನ ಈ ಸಂಖ್ಯೆಯ ಪಾಲಿಸಿಯನ್ನು ಆಗಸ್ಟ್ 31ರ ಮಧ್ಯರಾತ್ರಿಯಿಂದ ರದ್ದು ಮಾಡಬೇಕಾಗಿ ಕೋರುತ್ತೇನೆ. ಈ ಅವಧಿಯಲ್ಲಿ ಯಾವುದೇ ಕ್ಲೇಮ್ ಮಾಡಿಲ್ಲ. ಉಳಿದ 212 ದಿನಗಳ ಪ್ರೀಮಿಯಂ ಅನ್ನು ದಿನದ ಲೆಕ್ಕದಲ್ಲಿ ನನ್ನ ಖಾತೆಗೆ ಹಿಂದಿರುಗಿಸಿ, ಲೆಕ್ಕದ ವಿವರ ಲಿಖಿತವಾಗಿ ಕೊಡಿ.”

ಇದರಲ್ಲಿ ‘ದಿನದ ಲೆಕ್ಕದಲ್ಲಿ’ ಎಂಬ ಮಾತನ್ನು ಬಿಡಬಾರದು. 365 ದಿನಕ್ಕೆ 7,300 ಎಂದರೆ ದಿನಕ್ಕೆ 20 ರೂಪಾಯಿ. 212 ದಿನಕ್ಕೆ 4,240. ಬೆಂಕಿ ವಿಮೆಯ ಹಳೆಯ ‘ಶಾರ್ಟ್ ಪೀರಿಯಡ್’ ಪಟ್ಟಿಯಲ್ಲಾದರೆ ಐದು ತಿಂಗಳಿಗೇ ಶೇ. 60 ಮುರಿದುಕೊಂಡು 2,920 ಮಾತ್ರ ಕೈಗೆ ಕೊಡುತ್ತಿದ್ದರು. ಆ ಪಟ್ಟಿ ಈಗಲೂ ಕೆಲವು ಪಾಲಿಸಿಗಳ ಹಿಂಬದಿಯ ಸಣ್ಣಕ್ಷರಗಳಲ್ಲಿ ಉಳಿದಿರಬಹುದು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆ ಚಿಲ್ಲರೆ ಗ್ರಾಹಕರಿಗೆ ಬೇರೆಯದನ್ನೇ ಹೇಳುತ್ತದೆ: ವರ್ಷದೊಳಗಿನ ಪಾಲಿಸಿಯಲ್ಲಿ ಕ್ಲೇಮ್ ಆಗಿಲ್ಲದಿದ್ದರೆ ಉಳಿದ ಅವಧಿಗೆ ತಕ್ಕ ಪ್ರೀಮಿಯಂ ವಾಪಸ್ ಕೊಡಬೇಕು, ರದ್ದತಿಗೆ ಕಾರಣವನ್ನೂ ಹೇಳಬೇಕಿಲ್ಲ. ಹಾಗಾಗಿ “ಅಂಗಡಿ ಯಾಕೆ ಮುಚ್ಚಿದಿರಿ?” ಎಂದು ಏಜೆಂಟ್ ಕೇಳಿದರೆ ಕಾಫಿ ಕುಡಿಸಿ ಕಳಿಸಿದರಾಯಿತು, ಪತ್ರದಲ್ಲಿ ಬರೆಯುವುದು ಬೇಡ.

ಕ್ಲೇಮ್ ಪಡೆದಿದ್ದರೆ ಈ ಸೌಲಭ್ಯ ಸಿಗದು. ಬ್ಯಾಂಕ್ ಸಾಲ ಇದ್ದವರಿಗೆ ಇನ್ನೊಂದು ತೊಡಕಿದೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿರುತ್ತದೆ, ಅದರ ಒಪ್ಪಿಗೆ ಪತ್ರ ಬಾರದೆ ಕಂಪನಿ ಮುಂದುವರಿಯುವುದಿಲ್ಲ. ಸಾಲ ತೀರಿಸಿ, ಆ ಪತ್ರವನ್ನೂ ಪಾಲಿಸಿ ಪ್ರತಿ ಮತ್ತು ರದ್ದು ಮಾಡಿದ ಚೆಕ್ಕನ್ನೂ ಲಗತ್ತಿಸುವುದು ಲೇಸು. ಪ್ರೀಮಿಯಂ ಜೊತೆ ಕಟ್ಟಿದ ಜಿಎಸ್‌ಟಿಯ ಪಾಲು ಏನಾಯಿತೆಂದೂ ಲೆಕ್ಕದಲ್ಲಿ ಕೇಳಿ.

ತಾರೀಖಿನಲ್ಲಿ ಮಾತ್ರ ಆತುರ ಬೇಡ. ಕಪಾಟಿನಲ್ಲಿ ಇನ್ನೂ ಸರಕು ಇರುವಾಗಲೇ ರದ್ದು ಮಾಡಿ, ಮರುದಿನ ಶಾರ್ಟ್ ಸರ್ಕ್ಯೂಟ್ ಆದರೆ ಒಂದು ಪೈಸೆಯೂ ಬರುವುದಿಲ್ಲ. ಗೋದಾಮು ಖಾಲಿಯಾದ ದಿನವನ್ನೇ ಬರೆಯಿರಿ.

ಪತ್ರವನ್ನು ಏಜೆಂಟ್ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಶಾಖೆಗೆ ಇಮೇಲ್ ಮಾಡಿ, ಇಲ್ಲವೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ತಿಂಗಳು ಕಳೆದರೂ ಪರಿಹಾರ ಸಿಗದಿದ್ದರೆ ಒಬ್ಬರೇ ಮಾಲೀಕರಿರುವ ಅಂಗಡಿಯವರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು; ಅಲ್ಲಿ ದೂರಿಗೆ ಶುಲ್ಕವಿಲ್ಲ.