ಮೇಲಧಿಕಾರಿ ಬಂದರೆ ಕೆಳಗಿನವರಿಲ್ಲ: ಮರದ ಮೇಲೊಂದು ಲೆಕ್ಕ

ಒಂದು ಕಂಪನಿ, ಅದರಲ್ಲಿ ಹತ್ತು ಜನ. ವರ್ಷಾಂತ್ಯದ ಔತಣಕೂಟಕ್ಕೆ ಯಾರ್ಯಾರನ್ನು ಕರೆಯಬೇಕು ಎಂದು ಪಟ್ಟಿ ಮಾಡಬೇಕಾಗಿದೆ. ಷರತ್ತು ಒಂದೇ. ಒಬ್ಬರನ್ನು ಕರೆದರೆ ಅವರ ನೇರ ಮೇಲಧಿಕಾರಿಯನ್ನು ಕರೆಯುವಂತಿಲ್ಲ, ಏಕೆಂದರೆ ಇಬ್ಬರೂ ಎದುರುಬದುರು ಕೂತರೆ ಊಟದ ಮನೆಯಲ್ಲಿ ಮಾತೇ ಹೊರಡುವುದಿಲ್ಲ. ಕೂಟಕ್ಕೆ ಎಷ್ಟು ಕಳೆ ತರುತ್ತಾರೆ ಎಂಬುದಕ್ಕೆ ಪ್ರತಿಯೊಬ್ಬರಿಗೂ ಒಂದು ಅಂಕವಿದೆ. ಬಂದವರ ಅಂಕಗಳ ಮೊತ್ತ ಆದಷ್ಟೂ ಹೆಚ್ಚಿರಬೇಕು.

ಥಾಮಸ್ ಕಾರ್ಮೆನ್ ಮತ್ತು ಸಂಗಡಿಗರು ಬರೆದ ‘ಇಂಟ್ರೊಡಕ್ಷನ್ ಟು ಆಲ್ಗರಿದಮ್ಸ್’ ಪಠ್ಯಪುಸ್ತಕದಲ್ಲಿ ಈ ಬಗೆಯ ಸಮಸ್ಯೆ ಅಭ್ಯಾಸವಾಗಿ ಬರುತ್ತದೆ. ಗಣಿತದ ಮಾತಿನಲ್ಲಿ ಇದು ಮರದಲ್ಲಿ ಅತಿ ದೊಡ್ಡ ಸ್ವತಂತ್ರ ಗಣವನ್ನು ಹುಡುಕುವ ಕೆಲಸ. ನೇರ ಸಂಬಂಧವಿರುವ ಯಾವ ಇಬ್ಬರೂ ಒಟ್ಟಿಗೆ ಇಲ್ಲದ ಗುಂಪೇ ಸ್ವತಂತ್ರ ಗಣ. ಕಂಪ್ಯೂಟರ್ ವಿಜ್ಞಾನದ ಮರವನ್ನು ತಲೆಕೆಳಗಾಗಿ ಬರೆಯುವುದು ವಾಡಿಕೆ: ಬೇರು ಮೇಲೆ, ಎಲೆಗಳು ಕೆಳಗೆ.

ನಮ್ಮ ಮರದ ಬೇರು ಮ್ಯಾನೇಜರ್, ಅವರ ಅಂಕ 7. ಅವರ ಕೈಕೆಳಗೆ ಮೂವರು: ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ 9, ಮಾರಾಟ ವಿಭಾಗದ ಮುಖ್ಯಸ್ಥ 4, ಗೋದಾಮು ನೋಡಿಕೊಳ್ಳುವವರು 2. ಲೆಕ್ಕಪತ್ರದಲ್ಲಿ ಇಬ್ಬರು ಗುಮಾಸ್ತರು, 6 ಮತ್ತು 5. ಮಾರಾಟದ ಮುಖ್ಯಸ್ಥನ ಕೆಳಗೆ ಒಬ್ಬ ಟೀಮ್ ಲೀಡರ್, 8. ಅವನ ಕೆಳಗೆ ಮೂವರು ಸೇಲ್ಸ್‌ಮನ್‌ಗಳು, ತಲಾ 3.

ಮೊದಲು ಹೊಳೆಯುವ ಉಪಾಯವೆಂದರೆ ದೊಡ್ಡ ಅಂಕದವರನ್ನು ಮೊದಲು ಕರೆಯುವುದು. 9ರ ಮುಖ್ಯಸ್ಥೆಯನ್ನು ಕರೆದೆವು. ಮ್ಯಾನೇಜರ್ ಮತ್ತು ಇಬ್ಬರು ಗುಮಾಸ್ತರು ಹೋದರು. 8ರ ಟೀಮ್ ಲೀಡರನ್ನು ಕರೆದೆವು. ಅವನ ಮುಖ್ಯಸ್ಥನೂ ಮೂವರು ಸೇಲ್ಸ್‌ಮನ್‌ಗಳೂ ಹೋದರು. ಉಳಿದವರು ಗೋದಾಮಿನವರು ಮಾತ್ರ. ಒಟ್ಟು 19. ಎರಡನೆಯ ಉಪಾಯ, ಒಂದು ಹಂತ ಬಿಟ್ಟು ಒಂದು ಹಂತ ಕರೆಯುವುದು. ಮ್ಯಾನೇಜರ್, ಗುಮಾಸ್ತರು ಮತ್ತು ಟೀಮ್ ಲೀಡರ್ ಸೇರಿದರೆ 26. ಉಳಿದೆರಡು ಹಂತಗಳವರು ಸೇರಿದರೆ 24. ಮೊದಲಿನದಕ್ಕಿಂತ ಎಷ್ಟೋ ವಾಸಿ, ಆದರೆ ಇದಕ್ಕಿಂತ ಒಳ್ಳೆಯ ಪಟ್ಟಿ ಇದೆ.

ಹತ್ತು ಜನರಿದ್ದರೆ ಸಾಧ್ಯವಿರುವ ಗುಂಪುಗಳೆಲ್ಲ ಸೇರಿ 1024, ಎಲ್ಲವನ್ನೂ ನೋಡಿಬಿಡಬಹುದು. ನಲವತ್ತು ಜನರಾದರೆ ಆ ಸಂಖ್ಯೆ ಒಂದು ಲಕ್ಷ ಕೋಟಿಯನ್ನು ದಾಟುತ್ತದೆ. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ಹೆಸರಿಟ್ಟ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಚಿಕ್ಕ ಭಾಗಗಳ ಉತ್ತರವನ್ನು ಒಮ್ಮೆ ಕಂಡುಹಿಡಿದು ಬರೆದಿಟ್ಟುಕೊಂಡು, ಅವುಗಳಿಂದ ದೊಡ್ಡ ಭಾಗದ ಉತ್ತರ ಕಟ್ಟುವುದು ಅದರ ರೀತಿ.

ಮರದಲ್ಲಿ ಅದು ಹೀಗೆ ನಡೆಯುತ್ತದೆ. ಪ್ರತಿಯೊಬ್ಬರ ಬಳಿಯೂ ಎರಡು ಸಂಖ್ಯೆ ಬರೆಯಿರಿ. ‘ಇವರು ಬಂದರೆ’ ಇವರನ್ನೂ ಸೇರಿಸಿ ಇವರ ಕೆಳಗಿನ ಇಡೀ ಕೊಂಬೆಯಿಂದ ಸಿಗುವ ಗರಿಷ್ಠ ಮೊತ್ತ ಒಂದು. ‘ಇವರು ಬಾರದಿದ್ದರೆ’ ಅದೇ ಕೊಂಬೆಯಿಂದ ಸಿಗುವ ಗರಿಷ್ಠ ಮೊತ್ತ ಇನ್ನೊಂದು. ಒಂದೇ ಸಂಖ್ಯೆ ಸಾಲದು. ಮೇಲಿನವರು ತಾವು ಬರಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಕೊಂಬೆಯ ಬಗ್ಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಅದರ ತುದಿಯಲ್ಲಿರುವವರು ಬಂದಿದ್ದಾರೆಯೇ? ಅದರಾಚೆ ಒಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದು ಮೇಲಿನವರಿಗೆ ತಾಗುವುದೇ ಇಲ್ಲ. ನನಗೆ ಈ ವಿಧಾನದಲ್ಲಿ ಬಹಳ ಹಿಡಿಸುವುದು ಇದೇ. ಸಾವಿರ ಜನರ ಕೊಂಬೆಯಾದರೂ ಎರಡು ಸಂಖ್ಯೆಗೆ ಇಳಿಯುತ್ತದೆ, ಬೇಕಾದ ಮಾಹಿತಿ ಏನೂ ಕಳೆದುಹೋಗುವುದಿಲ್ಲ.

ಎಲೆಗಳಿಂದ ಶುರು ಮಾಡೋಣ. ಎಲೆಯಲ್ಲಿರುವವರು ಬಂದರೆ ಅವರದೇ ಅಂಕ, ಬಾರದಿದ್ದರೆ ಸೊನ್ನೆ. ಲೆಕ್ಕಪತ್ರದ ಮುಖ್ಯಸ್ಥೆ ಬಂದರೆ ಗುಮಾಸ್ತರಿಬ್ಬರೂ ಬರುವಂತಿಲ್ಲ, ಹಾಗಾಗಿ 9; ಬಾರದಿದ್ದರೆ 6 ಮತ್ತು 5 ಸೇರಿ 11. ಟೀಮ್ ಲೀಡರ್ ಬಂದರೆ 8, ಬಾರದಿದ್ದರೆ ಮೂವರಿಂದ 9. ಮಾರಾಟದ ಮುಖ್ಯಸ್ಥ ಬಂದರೆ ಟೀಮ್ ಲೀಡರ್ ಬಾರದಿರಲೇಬೇಕು, ಆದ್ದರಿಂದ 4 ಮತ್ತು 9 ಸೇರಿ 13. ಈ ಮುಖ್ಯಸ್ಥ ಬಾರದಿದ್ದರೆ ಟೀಮ್ ಲೀಡರ್ ಬರಬಹುದು, ಬಾರದೆಯೂ ಇರಬಹುದು. 8 ಮತ್ತು 9ರಲ್ಲಿ ದೊಡ್ಡದನ್ನು, ಅಂದರೆ 9ನ್ನು, ಆರಿಸಬೇಕು.

ಈಗ ಬೇರಿಗೆ ಬಂದೆವು. ಮ್ಯಾನೇಜರ್ ಬಂದರೆ ಕೆಳಗಿನ ಮೂವರೂ ಇಲ್ಲ: 7, 11, 9, 0 ಸೇರಿ 27. ಮ್ಯಾನೇಜರ್ ಬಾರದಿದ್ದರೆ ಪ್ರತಿ ಕೊಂಬೆಯಿಂದಲೂ ದೊಡ್ಡ ಸಂಖ್ಯೆ: 11, 13, 2 ಸೇರಿ 26. ಉತ್ತರ 27. ಪಟ್ಟಿ ಬೇಕಾದರೆ ಮೇಲಿನಿಂದ ಕೆಳಗೆ ವಾಪಸು ಇಳಿಯುತ್ತಾ, ಎಲ್ಲೆಲ್ಲಿ ಯಾವ ಸಂಖ್ಯೆ ಗೆದ್ದಿತು ಎಂದು ನೋಡಿಕೊಂಡು ಹೋದರಾಯಿತು: ಮ್ಯಾನೇಜರ್, ಇಬ್ಬರು ಗುಮಾಸ್ತರು, ಮೂವರು ಸೇಲ್ಸ್‌ಮನ್‌ಗಳು. ಮಾರಾಟದ ಕೊಂಬೆಯಲ್ಲಿ ಮುಖ್ಯಸ್ಥ ಮತ್ತು ಟೀಮ್ ಲೀಡರ್ ಇಬ್ಬರೂ, ಒಬ್ಬರ ಕೆಳಗೊಬ್ಬರು, ಹೊರಗುಳಿದಿದ್ದಾರೆ. ಹಂತ ಬಿಟ್ಟು ಹಂತ ಕರೆಯುವವರ ಕಣ್ಣಿಗೆ ಈ ಪಟ್ಟಿ ಬೀಳುವುದೇ ಇಲ್ಲ.

ಪೈಥಾನ್‌ನಲ್ಲಿ ಬರೆದರೆ ಇಷ್ಟೇ:

```python
def solve(v, parent):
    take, skip = w[v], 0
    for c in adj[v]:
        if c != parent:
            t, s = solve(c, v)
            take += s
            skip += max(t, s)
    return take, skip
```

ಪ್ರತಿ ಸಂಬಂಧಕ್ಕೂ ಎರಡು ಕೂಡಿಕೆ, ಒಂದು `max` ಹೋಲಿಕೆ. ಲಕ್ಷ ಜನರ ಮರದಲ್ಲಿ ಇರುವ ಸಂಬಂಧಗಳು 99,999, ಹೀಗಾಗಿ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಲಕ್ಷ ಜನರೂ ಒಬ್ಬರ ಕೆಳಗೊಬ್ಬರಂತೆ ಒಂದೇ ಸರಪಳಿಯಾಗಿದ್ದರೆ ಪೈಥಾನ್ `RecursionError` ಕೊಟ್ಟು ನಿಲ್ಲುತ್ತದೆ. ಒಂದು ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ಆಳಕ್ಕೆ ಅದು ಸಾಮಾನ್ಯವಾಗಿ 1000ದ ಮಿತಿ ಇಟ್ಟಿರುತ್ತದೆ. ಆಗ ಮೊದಲು ಬೇರಿನಿಂದ ಎಲ್ಲರನ್ನೂ ಒಂದು ಸಾಲಿನಲ್ಲಿ ಬರೆದುಕೊಂಡು, ಆ ಸಾಲನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಮಾಡುತ್ತಾ ಬರಬೇಕು.

ಕಲಿಯುವವರು ಹೆಚ್ಚಾಗಿ ಎಡವುವುದು `max` ಇರುವ ಸಾಲಿನಲ್ಲಿ. ‘ನಾನು ಬರದಿದ್ದರೆ ನನ್ನ ಕೆಳಗಿನವರು ಬರಲೇಬೇಕು’ ಎಂದುಕೊಂಡು ಅಲ್ಲಿ ಬರೀ `t` ಬರೆದುಬಿಡುತ್ತಾರೆ. ನಮ್ಮ ಕಂಪನಿಯಲ್ಲಿ ಹಾಗೆ ಮಾಡಿದರೆ 27ರ ಬದಲು 26 ಬರುತ್ತದೆ. ಇದು ಕೆಟ್ಟ ತಪ್ಪು, ಏಕೆಂದರೆ ಉತ್ತರ ನಂಬುವ ಹಾಗೆಯೇ ಇರುತ್ತದೆ. ಪತ್ತೆ ಹಚ್ಚಲು ಒಂದು ಸುಲಭ ಪರೀಕ್ಷೆ ಇದೆ. ನಾಲ್ವರ ಸರಪಳಿ ಕೊಡಿ, ಅಂಕ 10, 1, 1, 10. ಎರಡು ತುದಿಯವರನ್ನು ಕರೆದರೆ 20 ಎಂದು ಯಾರಿಗಾದರೂ ಕಾಣುತ್ತದೆ. ತಪ್ಪಾದ ಪ್ರೋಗ್ರಾಂ 11 ಎನ್ನುತ್ತದೆ.

ಎಲ್ಲರ ಅಂಕವೂ ಒಂದೇ ಆಗಿದ್ದು, ಬರೀ ತಲೆ ಎಣಿಸುವುದಾದರೆ ಇಷ್ಟೂ ಬೇಡ. ಎಲೆಗಳನ್ನು ಕರೆಯಿರಿ, ಅವುಗಳ ಮೇಲಧಿಕಾರಿಗಳನ್ನು ಅಳಿಸಿ, ಉಳಿದ ಮರದಲ್ಲಿ ಮತ್ತೆ ಹಾಗೇ ಮಾಡಿ. ನಮ್ಮಲ್ಲಿ ಏಳು ಜನ ಬರುತ್ತಾರೆ, ಅದೇ ಗರಿಷ್ಠ. ಅಂಕಗಳು ಬೇರೆಬೇರೆಯಾದ ಕೂಡಲೇ ಈ ಸುಲಭದ ದಾರಿ ಕೆಡುತ್ತದೆ: ಆ ಏಳು ಜನರ ಮೊತ್ತ 26, ಮೇಲಿನ ಆರು ಜನರದು 27.

ಇದೆಲ್ಲ ನಿಂತಿರುವುದು ಕೊಂಬೆಗಳು ಪರಸ್ಪರ ತಾಗುವುದಿಲ್ಲ ಎಂಬುದರ ಮೇಲೆ. ಒಬ್ಬ ಗುಮಾಸ್ತನಿಗೂ ಟೀಮ್ ಲೀಡರ್‌ಗೂ ಆಗಿಬರುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಕರೆಯುವಂತಿಲ್ಲ ಎಂದು ಒಂದೇ ಒಂದು ಷರತ್ತು ಸೇರಿಸಿ ನೋಡಿ. ಲೆಕ್ಕಪತ್ರದ ಕೊಂಬೆಯ ಉತ್ತರ ಈಗ ಮಾರಾಟದ ಕೊಂಬೆಯನ್ನು ಅವಲಂಬಿಸುತ್ತದೆ, ಎರಡು ಸಂಖ್ಯೆ ಸಾಲುವುದಿಲ್ಲ. ಒಂದೇ ಹೆಚ್ಚುವರಿ ಷರತ್ತಾದರೆ ದಾರಿಯಿದೆ: ಆ ಗುಮಾಸ್ತ ಬರುತ್ತಾನೆ ಎಂದು ಒಮ್ಮೆ, ಬರುವುದಿಲ್ಲ ಎಂದು ಇನ್ನೊಮ್ಮೆ ಇಡೀ ಲೆಕ್ಕ ಮಾಡಿ, ದೊಡ್ಡದನ್ನು ಇಟ್ಟುಕೊಳ್ಳುವುದು. ಷರತ್ತುಗಳು ಹೆಚ್ಚಿದಂತೆ ಪ್ರತಿಯೊಂದಕ್ಕೂ ಕೆಲಸ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಂಥವು ಇಪ್ಪತ್ತಾದರೆ ಲೆಕ್ಕವನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ಮಾಡಬೇಕಾದೀತು. ಯಾರಿಗೂ ಯಾರೊಂದಿಗಾದರೂ ಆಗದಿರಬಹುದಾದ ಜಾಲದಲ್ಲಿ ಈ ಸಮಸ್ಯೆಗೆ ಯಾವಾಗಲೂ ವೇಗವಾಗಿ ನಿಖರ ಉತ್ತರ ಕೊಡುವ ವಿಧಾನ ಇಂದಿಗೂ ಯಾರಿಗೂ ಸಿಕ್ಕಿಲ್ಲ. ಇದಕ್ಕೆ ಸರಿಸಮವಾದ ಸಮಸ್ಯೆಗಳು ರಿಚರ್ಡ್ ಕಾರ್ಪ್ 1972ರಲ್ಲಿ ಪ್ರಕಟಿಸಿದ 21 ಕಠಿಣ ಸಮಸ್ಯೆಗಳ ಪಟ್ಟಿಯಲ್ಲಿಯೇ ಇವೆ.