ಪಾಡ್‌ಕಾಸ್ಟ್ ಬರಹರೂಪ: ಐದು ‘ಕ’, ನಾಲ್ಕು ‘ಬೇಡ’ ಮತ್ತು ಬ್ರಹ್ಮಾವರದ ಮಳೆಗಾಲ

 

ಕುಂದಾಪುರದಿಂದ ಬೈಂದೂರಿಗೆ ಹೈವೇಯಲ್ಲಿ ಹೋಗುವಾಗ ಪಂಜಾಬಿನ ಲಾರಿಗಳು ಸಿಗ್ತವೆ. ಪೇಟ ಕಟ್ಟಿದ ಡ್ರೈವರು, ಕೈಯಲ್ಲಿ ಬಳೆ. ನಮ್ಮಲ್ಲಿ ಹೆಚ್ಚಿನವರಿಗೆ ಸಿಖ್ಖರು ಅಂದ್ರೆ ಅಷ್ಟೇ ಪರಿಚಯ. ನನಗೂ ಅಷ್ಟೇ ಇತ್ತು. ಬ್ರಹ್ಮಾವರದಲ್ಲಿ ರೂಮು ಮಾಡಿಕೊಂಡು ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಒಬ್ಬ ಹುಡುಗ ಪರಿಚಯ ಆದ ಮೇಲೆ ಲೆಕ್ಕ ತಪ್ಪಿತು. ಅವನು ಪಂಜಾಬಿನವನಲ್ಲ, ನಮ್ಮ ಬೀದರಿನವನು. ಕನ್ನಡ ಮಾತಾಡ್ತಾನೆ, ನಮ್ಮ ಕುಂದಾಪ್ರ ಕನ್ನಡ ಕೇಳಿ ನಗ್ತಾನೆ. ಹೆಸರು ಹೇಳುವುದು ಬೇಡ ಅಂದಿದ್ದಾನೆ, ಹಾಗಾಗಿ ‘ಬೀದರಿನ ಹುಡುಗ’ ಅಂತಲೇ ಕರೆಯುವ.

ಕಾಲೇಜಲ್ಲಿ ಇರುವಾಗ ಇವನು ಕೂದಲು ಕತ್ತರಿಸಿಕೊಂಡಿದ್ದ. ಮನೆಯಲ್ಲಿ ಅಜ್ಜ ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲವಂತೆ. ಈಗ ಅವನೇ ಅಮೃತ ತೆಗೆದುಕೊಳ್ಳುವುದಕ್ಕೆ, ಅಂದ್ರೆ ಖಾಲ್ಸಾ ದೀಕ್ಷೆಗೆ, ತಯಾರಾಗ್ತಾ ಇದ್ದಾನೆ. ಅಜ್ಜ ಖುಷಿಯಲ್ಲಿ ಇರಬಹುದು ಅಂದ್ಕೊಂಡೆ. ಇಲ್ಲ, ಅಜ್ಜನೇ ತಡೀತಿದ್ದಾರೆ. “ಅವಸರ ಮಾಡಬೇಡ. ಮಾತು ಕೊಟ್ಟು ಮುರಿಯುವುದಕ್ಕಿಂತ ಕೊಡದೆ ಇರುವುದು ವಾಸಿ” ಅಂತ.

ಅಜ್ಜ ಹಾಗೆ ಯಾಕೆ ಹೇಳ್ತಾರೆ ಅಂತ ಅರ್ಥ ಆಗಬೇಕಾದರೆ ಈ ದೀಕ್ಷೆಯಲ್ಲಿ ಏನು ನಡೀತದೆ ಅಂತ ಗೊತ್ತಿರಬೇಕು.

ಮೊದಲು ಬೀದರಿನ ವಿಷಯ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಕತ್ತಿ ಹಿಡಿದು ಸೇರಿದ ಜನರ ಮುಂದೆ ನಿಂತು, ತಲೆ ಕೊಡುವವರು ಯಾರು ಅಂತ ಕೇಳಿದರು ಎಂಬುದು ಸಿಖ್ ಪರಂಪರೆ. ಒಬ್ಬೊಬ್ಬರಾಗಿ ಐವರು ಎದ್ದರು. ಒಬ್ಬರು ಲಾಹೋರಿನವರು, ಒಬ್ಬರು ಹಸ್ತಿನಾಪುರದವರು, ಒಬ್ಬರು ಪುರಿಯವರು, ಒಬ್ಬರು ದ್ವಾರಕೆಯವರು. ಐದನೆಯವರು ಬೀದರಿನ ಸಾಹಿಬ್ ಚಂದ್, ಕ್ಷೌರಿಕ ವೃತ್ತಿಯ ಮನೆತನದವರು. ಅವತ್ತು ಅವರು ಭಾಯಿ ಸಾಹಿಬ್ ಸಿಂಗ್ ಆದರು. ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲ ಅಂತ ಮೊದಲು ಮಾತು ಕೊಟ್ಟ ಐವರಲ್ಲಿ ಒಬ್ಬರು ಕ್ಷೌರಿಕರು ಅಂತ ಹುಡುಗ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಐವರಿಗೂ ಅಮೃತ ಕೊಟ್ಟ ಗುರು, ಆಮೇಲೆ ತಾನೇ ಅವರ ಮುಂದೆ ಕೂತು ಅವರ ಕೈಯಿಂದ ಅಮೃತ ತಗೊಂಡರು. ಈಗಲೂ ದೀಕ್ಷೆ ಕೊಡುವುದು ಒಬ್ಬ ಪುರೋಹಿತರಲ್ಲ, ಐದು ಜನ. ಅವರು ಗಂಡಸರೂ ಆಗಬಹುದು, ಹೆಂಗಸರೂ ಆಗಬಹುದು. ಅಮೃತಧಾರಿಗಳಾಗಿ ಶಿಸ್ತು ಉಳಿಸಿಕೊಂಡಿರಬೇಕು, ಅಷ್ಟೇ.

ಈಗ ತಯಾರಿ. ನಮ್ಮಲ್ಲಿ ಅಯ್ಯಪ್ಪ ಮಾಲೆ ಹಾಕುವವರನ್ನು ನೋಡಿದ್ದೀರಲ್ಲ, 41 ದಿನ ವ್ರತ, ಶಬರಿಮಲೆಗೆ ಹೋಗಿ ಬಂದ ಮೇಲೆ ಮಾಲೆ ತೆಗೀತಾರೆ. ಇಲ್ಲಿ ತೆಗೆಯುವ ದಿನ ಅಂತ ಒಂದಿಲ್ಲ. ಹಾಗಾಗಿ ತಯಾರಿ ಅಂದ್ರೆ ಮುಂದೆ ಬದುಕಬೇಕಾದ ಹಾಗೆ ಈಗಲೇ ಬದುಕಿ ನೋಡುವುದು. ಇವನಿಗೆ ಮೊದಲನೆಯ ಕೆಲಸ ಕೂದಲು ಬಿಡುವುದು, ಅದಕ್ಕೆ ಶಾರ್ಟ್‌ಕಟ್ ಇಲ್ಲ. ಎರಡನೆಯದು ಬೆಳಿಗ್ಗೆ ಏಳುವುದು. ಮೂರನೆಯದು ಗುರುಮುಖಿ ಲಿಪಿ ಓದಲು ಕಲಿಯುವುದು. ಇವನಿಗೆ ಅಜ್ಜ ಮೊದಲು ಪ್ರಾರ್ಥನೆಗಳನ್ನು ಕನ್ನಡ ಅಕ್ಷರದಲ್ಲೇ ನೋಟ್‌ಬುಕ್ಕಲ್ಲಿ ಬರೆದುಕೊಟ್ಟರಂತೆ. ಈಗ ನಿಧಾನಕ್ಕೆ ಗುಟ್ಕಾ ಓದ್ತಾನೆ. ಗುಟ್ಕಾ ಅಂದಾಗ ನನಗೆ ತಮಾಷೆ ಅನಿಸಿತು, ಯಾಕಂದ್ರೆ ತಂಬಾಕು ಅವರಿಗೆ ಪೂರ್ತಿ ನಿಷಿದ್ಧ. ಅವರಲ್ಲಿ ಗುಟ್ಕಾ ಅಂದ್ರೆ ಪ್ರಾರ್ಥನೆಯ ಸಣ್ಣ ಪುಸ್ತಕ!

ಐದು ‘ಕ’ಗಳ ಹೆಸರು ಶಾಲೆಯಲ್ಲಿ ಬಾಯಿಪಾಠ ಮಾಡಿರ್ತೇವೆ: ಕೇಶ, ಕಂಘಾ, ಕಡಾ, ಕಛೇರಾ, ಕಿರ್ಪಾನ್. ಪರೀಕ್ಷೆಗೆ ಅಷ್ಟು ಸಾಕು. ನಮ್ಮ ಕರಾವಳಿಯಲ್ಲಿ ಅವನ್ನು ಹೊತ್ತುಕೊಂಡು ದಿನ ಕಳೆಯುವುದು ಬೇರೆಯೇ ಕಥೆ.

ಕೇಶ ಅಂದ್ರೆ ತಲೆಗೂದಲು ಮಾತ್ರ ಅಲ್ಲ, ಗಡ್ಡ, ಮೈಕೂದಲು ಯಾವುದನ್ನೂ ಕತ್ತರಿಸುವ ಹಾಗಿಲ್ಲ. ಕಂಘಾ ಅಂದ್ರೆ ಸಣ್ಣ ಬಾಚಣಿಗೆ, ಸಾಮಾನ್ಯವಾಗಿ ಮರದ್ದು. ಇವನು ದಿನಕ್ಕೆ ಎರಡು ಸಲ ಬಾಚಿ, ಗಂಟು ಕಟ್ಟಿ, ಅದನ್ನು ಕೂದಲಲ್ಲೇ ಸಿಕ್ಕಿಸ್ತಾನೆ. ಜುಲೈ ತಿಂಗಳಲ್ಲಿ ಬ್ರಹ್ಮಾವರದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸೊಂಟದವರೆಗಿನ ಕೂದಲು ಒಣಗ್ತದಾ? ಒದ್ದೆ ತಲೆಗೆ ಪೇಟ ಕಟ್ಟಿದರೆ ವಾಸನೆ, ತಲೆನೋವು. ಈಗ ಅವನು ತಲೆಸ್ನಾನವನ್ನು ರಜೆಯ ದಿನ ಬೆಳಿಗ್ಗೆಗೆ ಇಟ್ಟುಕೊಂಡಿದ್ದಾನೆ, ಫ್ಯಾನಿನ ಅಡಿಯಲ್ಲಿ ಕೂತು ಒಣಗಿಸಿಕೊಳ್ತಾನೆ. ಕಡಾ ಕಬ್ಬಿಣದ್ದು ಅಥವಾ ಉಕ್ಕಿನದ್ದು. ಅಜ್ಜ ಕೊಟ್ಟದ್ದು ಅಪ್ಪಟ ಕಬ್ಬಿಣ, ಬೀದರಿನ ಒಣ ಹವೆಯಲ್ಲಿ ಚೆನ್ನಾಗೇ ಇತ್ತು. ಇಲ್ಲಿ ಉಪ್ಪುಗಾಳಿಗೆ ವಾರದಲ್ಲೇ ತುಕ್ಕು ಹಿಡಿದು ಅಂಗಿಯ ತೋಳೆಲ್ಲ ಕಂದು. ದಿನಾ ಒರೆಸಿ, ಒಂದು ತೊಟ್ಟು ಎಣ್ಣೆ ಹಚ್ಚಿದರೆ ತಡೀತದೆ. ಕಛೇರಾ ಅಂದ್ರೆ ಲಾಡಿ ಇರುವ ಚಡ್ಡಿ. ಮಳೆಗಾಲಕ್ಕೆ ಐದಾರು ಬೇಕು ಅನ್ನುವುದು ಇವನ ಅನುಭವ.

ಕಿರ್ಪಾನ್ ವಿಷಯದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಕತ್ತಿ ಇಟ್ಕೊಂಡು ತಿರುಗಬಹುದಾ? ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಅದು ಇದೆ. ಕಿರ್ಪಾನ್ ಧರಿಸುವುದು, ಒಯ್ಯುವುದು ಸಿಖ್ ಧರ್ಮದ ಆಚರಣೆಯ ಭಾಗ ಅಂತ ಪರಿಗಣಿಸಬೇಕು. ಗಾತ್ರಾ ಅನ್ನುವ ಪಟ್ಟಿಗೆ ಕಟ್ಟಿ ಹೆಗಲಿಂದ ಅಡ್ಡ ಹಾಕಿಕೊಳ್ತಾರೆ. ದೇಶದೊಳಗಿನ ವಿಮಾನದಲ್ಲಿ ಪ್ರಯಾಣಿಕರಿಗೆ ಅಳತೆಯ ಮಿತಿ ಇದೆ: ಅಲಗು 6 ಇಂಚು, ಹಿಡಿ ಸೇರಿ ಒಟ್ಟು 9 ಇಂಚು ಮೀರಬಾರದು. ಆದರೂ ಮಾಲ್‌ನ ಬಾಗಿಲಲ್ಲಿ, ಆಫೀಸಿನ ಗೇಟಲ್ಲಿ ವಿವರಿಸುವ ಕೆಲಸ ತಪ್ಪಿದ್ದಲ್ಲ. “ಅಣ್ಣ, ಕಾನೂನು ನನ್ನ ಕಡೆಗಿದೆ. ಆದರೆ ಸೆಕ್ಯೂರಿಟಿಯವರಿಗೆ ಅದು ಗೊತ್ತಿರಬೇಕಲ್ಲ?” ಅಂತಾನೆ.

ಇನ್ನು ದೀಕ್ಷೆಯ ದಿನ. ತಲೆಸ್ನಾನ ಮಾಡಿ, ಐದೂ ಕಕಾರ ಧರಿಸಿ, ತಲೆಗೆ ಬಟ್ಟೆ ಕಟ್ಟಿ ಗುರು ಗ್ರಂಥ ಸಾಹಿಬ್ ಮುಂದೆ ಕೈಮುಗಿದು ನಿಲ್ಲಬೇಕು. ಬೇರೆ ಧರ್ಮದ ಗುರುತು ಮೈಮೇಲೆ ಇರಬಾರದು. ಐವರಲ್ಲಿ ಒಬ್ಬರು ನಿಯಮಗಳನ್ನು ಬಿಡಿಸಿ ಹೇಳಿ, ಇದು ನಿಮಗೆ ಒಪ್ಪಿಗೆಯೇ ಅಂತ ಕೇಳ್ತಾರೆ. ಒಂದು ತೊಟ್ಟು ಅಮೃತ ಬಾಯಿಗೆ ಹೋಗುವ ಮೊದಲೇ ಈ ಪ್ರಶ್ನೆ. ಹಿಂದೆ ಸರಿಯಲು ಅಲ್ಲಿವರೆಗೂ ದಾರಿ ಇದೆ.

ಆಮೇಲೆ ಕಬ್ಬಿಣದ ಬೋಗುಣಿಯಲ್ಲಿ ಶುದ್ಧ ನೀರು, ಅದಕ್ಕೆ ಬತಾಸು. ಹೌದು, ನಮ್ಮ ಜಾತ್ರೆಯಲ್ಲಿ ಸಿಗುವ ಅದೇ ಸಕ್ಕರೆ ಬತ್ತಾಸು. ಐವರೂ ಬೋಗುಣಿಯ ಸುತ್ತ ವೀರಾಸನದಲ್ಲಿ, ಬಲ ಮಂಡಿ ನೆಲಕ್ಕೆ ಊರಿ, ಎಡ ಮಂಡಿ ಎತ್ತಿ ಕೂರ್ತಾರೆ. ಐದು ಬಾಣಿಗಳನ್ನು, ಅಂದ್ರೆ ಐದು ಪ್ರಾರ್ಥನೆಗಳನ್ನು, ಸರದಿಯಲ್ಲಿ ಪಠಿಸ್ತಾರೆ: ಜಪ್‌ಜಿ, ಜಾಪ್, ಹತ್ತು ಸವಯ್ಯೆ, ಬೇನತಿ ಚೌಪಾಯಿ, ಆನಂದ್ ಸಾಹಿಬ್‌ನ ಆರು ಪದ್ಯ. ಓದುವವರು ಬಲಗೈಯಲ್ಲಿ ಖಂಡಾ ಅನ್ನುವ ಇಬ್ಬಾಯಿ ಖಡ್ಗ ಹಿಡಿದು ನೀರು ಕದಡುತ್ತಾ ಇರ್ತಾರೆ. ಉಳಿದವರು ಬೋಗುಣಿಯ ಅಂಚಿಗೆ ಕೈ ಇಟ್ಟು ಅದನ್ನೇ ನೋಡ್ತಿರ್ತಾರೆ.

ತೆಗೆದುಕೊಳ್ಳುವವರೂ ಹಾಗೇ ವೀರಾಸನದಲ್ಲಿ ಕೂತು, ಎಡ ಅಂಗೈ ಮೇಲೆ ಬಲ ಅಂಗೈ ಬೊಗಸೆ ಮಾಡಬೇಕು. ಐದು ಸಲ ಕುಡಿಯಲು, ಐದು ಸಲ ಕಣ್ಣಿಗೆ, ಐದು ಸಲ ಕೂದಲಿಗೆ. ಪ್ರತಿ ಸಲವೂ ‘ವಾಹೆಗುರು ಜೀ ಕಾ ಖಾಲ್ಸಾ, ವಾಹೆಗುರು ಜೀ ಕೀ ಫತೇಹ್’ ಅಂತ ಉತ್ತರ ಕೊಡಬೇಕು. ಉಳಿದದ್ದನ್ನು ಎಲ್ಲರೂ ಅದೇ ಬೋಗುಣಿಗೆ ಬಾಯಿಟ್ಟು ಕುಡೀತಾರೆ, ಗಂಡು ಹೆಣ್ಣು ಎಲ್ಲ ಸೇರಿ. ಎಂಜಲು, ಮೈಲಿಗೆ ಅಂತ ಬೆಳೆದ ನಮಗೆ ಇದು ಸಣ್ಣ ವಿಷಯ ಅಲ್ಲ. 1699ರಲ್ಲಂತೂ ಅಲ್ಲವೇ ಅಲ್ಲ. ಆಮೇಲೆ ಅವರಿಗೆ ಹೇಳ್ತಾರೆ: ಇವತ್ತಿಂದ ನಿಮ್ಮ ತಂದೆ ಗುರು ಗೋಬಿಂದ್ ಸಿಂಗ್, ತಾಯಿ ಸಾಹಿಬ್ ಕೌರ್, ಊರು ಆನಂದಪುರ. ಹಳೆಯ ಜಾತಿ, ಕುಲ, ಕಸುಬು ಅಲ್ಲಿಗೆ ಮುಗೀತು.

ನಾಲ್ಕು ದೊಡ್ಡ ನಿಷೇಧಗಳಿಗೆ ಕುರಹಿತ್ ಅಂತ ಹೆಸರು. ಕೂದಲು ಕತ್ತರಿಸುವುದು, ಹಲಾಲ್ ಕ್ರಮದಲ್ಲಿ ಕೊಯ್ದ ಮಾಂಸ ತಿನ್ನುವುದು, ಗಂಡ ಅಥವಾ ಹೆಂಡತಿ ಅಲ್ಲದವರ ಜೊತೆ ಸಂಬಂಧ, ತಂಬಾಕು. ಇದರಲ್ಲಿ ಒಂದು ತಪ್ಪಿದರೂ ಕೊಟ್ಟ ದೀಕ್ಷೆ ಹೋಯಿತು. ಮತ್ತೆ ಐವರ ಮುಂದೆ ನಿಂತು ಕ್ಷಮೆ ಕೇಳಿ, ಹೊಸದಾಗಿ ಅಮೃತ ತೆಗೆದುಕೊಳ್ಳಬೇಕು. ಮದ್ಯ, ವರದಕ್ಷಿಣೆ, ಬಿಳಿಕೂದಲು ಕೀಳುವುದು ಇಂಥವೂ ತಪ್ಪೇ, ಆದರೆ ಅವಕ್ಕೆ ತನಖಾಹ್, ಅಂದ್ರೆ ದಂಡ. ಸಾಮಾನ್ಯವಾಗಿ ಪಾತ್ರೆ ತೊಳೆಯುವುದು, ಬಂದವರ ಚಪ್ಪಲಿ ಒರೆಸುವುದು ಇಂಥ ಸೇವೆ.

ನಮ್ಮ ಊರಿನ ಪ್ರಶ್ನೆ ಕೇಳದೆ ಬಿಡ್ತೇನಾ? “ಮೀನ್ ತಿಂಬುಕಾತ್ತಾ ಮಾರಾಯ?” ಅಂದೆ. ನಕ್ಕ. ಲಿಖಿತ ನಿಯಮದಲ್ಲಿ ಮಾಂಸಕ್ಕೆ ಪೂರ್ತಿ ತಡೆ ಇಲ್ಲ, ಆದರೆ ಕೆಲವು ಜಥಾಗಳು ಮೀನು, ಮೊಟ್ಟೆ ಸಮೇತ ಎಲ್ಲ ಬಿಡಿಸ್ತವೆ. ಅಮೃತ ಕೊಡುವ ಐವರು ಏನು ಹೇಳ್ತಾರೋ ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇವನು ಯಾವುದಕ್ಕೂ ಇರಲಿ ಅಂತ ಬಂಗುಡೆ ಬಿಟ್ಟು ನಾಲ್ಕು ತಿಂಗಳಾಯ್ತಂತೆ. ಬ್ರಹ್ಮಾವರದಲ್ಲಿ ಇದ್ದುಕೊಂಡು!

ದಿನಚರಿಗೆ ಬರುವ. ನಸುಕಿನಲ್ಲಿ ಎದ್ದು ಸ್ನಾನ, ನಂತರ ಜಪ್‌ಜಿ, ಜಾಪ್, ಸವಯ್ಯೆ. ಸೂರ್ಯ ಮುಳುಗಿದ ಮೇಲೆ ರೆಹರಾಸ್, ಮಲಗುವ ಮೊದಲು ಸೋಹಿಲಾ. ಇವನಿಗೆ ಬೆಳಗಿನದ್ದಕ್ಕೇ ಮುಕ್ಕಾಲು ಗಂಟೆ ಬೇಕು. ದುಡಿಮೆಯ ಹತ್ತನೇ ಒಂದು ಪಾಲು, ದಸ್‌ವಂಧ್, ತೆಗೆದಿಡಬೇಕು. ಇವನು ತಪ್ಪುವುದು ಎಲ್ಲಿ ಗೊತ್ತಾ? ಕಿರ್ಪಾನ್, ಮೀನು ಯಾವುದರಲ್ಲೂ ಅಲ್ಲ, ಸಂಜೆಯದರಲ್ಲಿ. ಸೆಕೆಂಡ್ ಶಿಫ್ಟ್ ಇದ್ದ ದಿನ ರೆಹರಾಸ್ ಹೊತ್ತಿಗೆ ಮೀಟಿಂಗ್ ಇರ್ತದೆ. ಅಜ್ಜ ಒಂದು ಕ್ಯಾಲೆಂಡರ್ ಕೊಟ್ಟಿದ್ದಾರೆ. ತಪ್ಪಿದ ದಿನಕ್ಕೆ ಇವನೇ ಗೆರೆ ಹಾಕಬೇಕು, ಬೇರೆ ಯಾರೂ ನೋಡುವುದಿಲ್ಲ. ಒಂದು ತಿಂಗಳು ಗೆರೆ ಇಲ್ಲದೆ ಕಳೆದರೆ ಬೀದರಿಗೆ ಬಾ, ಐವರ ಹತ್ತಿರ ನಾನೇ ಕರೆದುಕೊಂಡು ಹೋಗ್ತೇನೆ ಅಂತ ಮಾತು.

ಮೊನ್ನೆ ಅವನ ರೂಮಿಗೆ ಹೋದಾಗ ಕ್ಯಾಲೆಂಡರ್ ಗೋಡೆಯಲ್ಲಿತ್ತು. ಈ ತಿಂಗಳಲ್ಲಿ ಮೂರು ಗೆರೆ. ಹೋದ ತಿಂಗಳು ಹನ್ನೊಂದಿತ್ತಂತೆ. ಶಿಫ್ಟ್ ಬದಲಾಯಿಸಿಕೊಡಿ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.