ಗಳಿಕೆ ಅಷ್ಟೇ, ಅಪಾಯ ಕಡಿಮೆ

ಎರಡು ಷೇರುಗಳಿವೆ ಎಂದುಕೊಳ್ಳಿ. ಒಳ್ಳೆಯ ವರ್ಷ ಬಂದರೆ ಪ್ರತಿಯೊಂದೂ ನೂರಕ್ಕೆ 30 ರೂಪಾಯಿ ಗಳಿಸುತ್ತದೆ, ಕೆಟ್ಟ ವರ್ಷ ಬಂದರೆ 10 ರೂಪಾಯಿ ಕಳೆಯುತ್ತದೆ. ಎರಡೂ ಸಾಧ್ಯತೆ ಸಮಸಮ, ಹಾಗಾಗಿ ಸರಾಸರಿ ಗಳಿಕೆ 10. ಇದ್ದ ಹಣವನ್ನೆಲ್ಲ ಒಂದೇ ಷೇರಿಗೆ ಹಾಕಿದವರಿಗೆ ನಷ್ಟದ ಸಂಭವ ಅರ್ಧಕ್ಕರ್ಧ.

ಈಗ ಅದೇ ನೂರನ್ನು ಎರಡಕ್ಕೂ ಐವತ್ತೈವತ್ತು ಹಂಚಿ. ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲದಿದ್ದರೆ ನಾಲ್ಕು ಬಗೆಯಲ್ಲಿ ವರ್ಷ ಮುಗಿಯಬಹುದು: ಎರಡೂ ಏರಿದರೆ 30, ಎರಡೂ ಬಿದ್ದರೆ ಮೈನಸ್ 10, ಇದು ಏರಿ ಅದು ಬಿದ್ದರೂ ಅದು ಏರಿ ಇದು ಬಿದ್ದರೂ 10. ಸರಾಸರಿ ಈಗಲೂ 10. ಆದರೆ ನಷ್ಟದ ಸಂಭವ ನಾಲ್ಕರಲ್ಲಿ ಒಂದಕ್ಕೆ ಇಳಿಯಿತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಏರಿಳಿತ 20ರಿಂದ ಸುಮಾರು 14ಕ್ಕೆ ಬಂತು. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಬೀಳುವಂಥವಾಗಿದ್ದರೆ ಹಂಚಿಯೂ ಏನೂ ಗಿಟ್ಟುತ್ತಿರಲಿಲ್ಲ.

ಇದನ್ನು ಗಣಿತಕ್ಕೆ ತಂದವರು ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್. 1952ರಲ್ಲಿ ಪ್ರಕಟವಾದ ಅವರ ಪ್ರಬಂಧಕ್ಕೆ 1990ರಲ್ಲಿ ನೊಬೆಲ್ ಗೌರವ ಸಂದಿತು. ಒಂದು ಷೇರು ಎಷ್ಟು ಏರಿಳಿಯುತ್ತದೆ ಎಂಬುದಷ್ಟೇ ಸಾಲದು, ಅದು ಉಳಿದವುಗಳ ಜೊತೆ ಹೇಗೆ ಏರಿಳಿಯುತ್ತದೆ ಎಂಬುದನ್ನು ನೋಡಬೇಕು ಎಂದರು ಅವರು.

ನನಗೆ ಹೆಚ್ಚು ಅಚ್ಚರಿ ತಂದದ್ದು ಇನ್ನೊಂದು ಲೆಕ್ಕ. ಬಾಂಡಿನ ನಿರೀಕ್ಷಿತ ಗಳಿಕೆ 7, ಏರಿಳಿತ 6 ಇರಲಿ. ಷೇರಿನದು 12 ಮತ್ತು 18. ಎರಡಕ್ಕೂ ಸಂಬಂಧವಿಲ್ಲ. ಅಪಾಯವೇ ಬೇಡವೆಂದು ಪೂರ್ತಿ ಬಾಂಡಿನಲ್ಲಿ ಕುಳಿತವರು ಹತ್ತನೇ ಒಂದು ಪಾಲನ್ನು ಷೇರಿಗೆ ಹಾಕಲಿ. ಗಳಿಕೆ 7.5ಕ್ಕೆ ಏರುತ್ತದೆ, ಏರಿಳಿತ 5.7ಕ್ಕೆ ಇಳಿಯುತ್ತದೆ! ಅಂದರೆ ಪೂರ್ತಿ ಬಾಂಡ್ ಎಂಬ ಆಯ್ಕೆ ಗಳಿಕೆಯಲ್ಲೂ ಹಿಂದೆ, ಸುರಕ್ಷತೆಯಲ್ಲೂ ಹಿಂದೆ. ಷೇರಿನ ಪಾಲನ್ನು ಇದಕ್ಕಿಂತ ಹೆಚ್ಚಿಸುತ್ತ ಹೋದರೆ ಗಳಿಕೆಯೊಂದಿಗೆ ಅಪಾಯವೂ ಏರುತ್ತದೆ. ಹೀಗೆ ಒಂದೊಂದು ಮಟ್ಟದ ಅಪಾಯಕ್ಕೂ ಸಿಗಬಹುದಾದ ಗರಿಷ್ಠ ಗಳಿಕೆಯ ಬಿಂದುಗಳನ್ನು ಸೇರಿಸಿ ಎಳೆದ ಗೆರೆಯೇ ಎಫಿಶಿಯೆಂಟ್ ಫ್ರಂಟಿಯರ್, ದಕ್ಷತೆಯ ಗಡಿರೇಖೆ. ಗೆರೆಯ ಕೆಳಗಿರುವವರು ಅನಗತ್ಯ ಅಪಾಯ ಹೊರುತ್ತಿದ್ದಾರೆ. ಗೆರೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಅವರವರ ಧೈರ್ಯಕ್ಕೆ, ಅಗತ್ಯಕ್ಕೆ ಬಿಟ್ಟದ್ದು.

ತೊಡಕು ಇರುವುದು ಅಂಕಿಗಳಲ್ಲಿ. ಮುಂದಿನ ಗಳಿಕೆ ಯಾರಿಗೂ ತಿಳಿಯದು. ಹಿಂದಿನ ವರ್ಷಗಳ ಸರಾಸರಿಯನ್ನೇ ನಂಬಿ ಲೆಕ್ಕ ಹಾಕಿದರೆ, ಊಹೆ ತುಸು ತಪ್ಪಿದರೂ ಕಂಪ್ಯೂಟರ್ ಹೆಚ್ಚುಕಡಿಮೆ ಎಲ್ಲ ಹಣವನ್ನೂ ಒಂದೆರಡು ಹೂಡಿಕೆಗಳಿಗೇ ಸುರಿಯುವಂತೆ ಹೇಳಬಹುದು. ಅಲ್ಲದೆ, ಬಿಡಿಬಿಡಿಯಾಗಿ ಓಡುತ್ತಿದ್ದ ಷೇರುಗಳು ಬಿಕ್ಕಟ್ಟಿನಲ್ಲಿ ಒಟ್ಟಾಗಿ ಕುಸಿಯುತ್ತವೆ. 2008ರಲ್ಲಿ ಅಮೆರಿಕ, ಯುರೋಪ್, ಭಾರತದ ಪೇಟೆಗಳು ಒಟ್ಟಿಗೇ ಬಿದ್ದವು. ಮಾರ್ಕೊವಿಟ್ಜ್ ಕೂಡ ತಮ್ಮ ನಿವೃತ್ತಿಯ ಹಣವನ್ನು ಷೇರಿಗೂ ಬಾಂಡಿಗೂ ಸರಿಯಾಗಿ ಅರ್ಧರ್ಧ ಹಂಚಿದ್ದಾಗಿ ಹೇಳಿಕೊಂಡಿದ್ದರು.

ನಿಮ್ಮ ಬಳಿ ಐದು ಮ್ಯೂಚುವಲ್ ಫಂಡ್‌ಗಳಿದ್ದು, ಐದರಲ್ಲೂ ಅವೇ ದೊಡ್ಡ ಬ್ಯಾಂಕುಗಳ ಷೇರುಗಳಿದ್ದರೆ ಅದು ಹಂಚಿಕೆಯಲ್ಲ. ಎರಡು ಫಂಡ್‌ಗಳ ಕಳೆದ 60 ತಿಂಗಳ ಶೇಕಡಾವಾರು ಏರಿಳಿತವನ್ನು ಎಕ್ಸೆಲ್‌ನ ಎರಡು ಸಾಲುಗಳಲ್ಲಿ ಮೇಲಿಂದ ಕೆಳಗೆ ಬರೆದು `=CORREL(A1:A60,B1:B60)` ಎಂದು ಕೊಟ್ಟು ನೋಡಿ. ಉತ್ತರ 1ರ ಹತ್ತಿರ ಬಂದರೆ ನಿಮ್ಮ ಹತ್ತಿರ ಇರುವುದು ಎರಡು ಹೆಸರಿನ ಒಂದೇ ಹೂಡಿಕೆ.